ಎಎಂಸಿ ನವೀಕರಣ: ದರ ಚೌಕಾಸಿಗೆ ಮೊದಲು ರಿಜಿಸ್ಟರ್ ತೆಗೆಯಿರಿ

ಪ್ರಶ್ನೆ: ಕಲಬುರಗಿ ನಂದೂರು ಕೈಗಾರಿಕಾ ಪ್ರದೇಶದಾಗ ನಮ್ದು ದಾಲ್ ಮಿಲ್ ಅದ. ಕಲರ್ ಸಾರ್ಟರ್‌ಗೆ ಏಳು ವರ್ಷದಿಂದ ಹೈದರಾಬಾದಿನ ಒಂದೇ ಕಂಪನಿ ಎಎಂಸಿ, ಅಂದ್ರ ವರ್ಷದ ಮೇಂಟೆನೆನ್ಸ್ ಕರಾರು, ಮಾಡ್ತದ. ಮಾರ್ಚ್ 31ಕ್ಕ ಮುಗೀತದ. ಹೋದ ವರ್ಷ 1,80,000 ಇತ್ತು, ಈಗ 2,10,000 ಕೇಳ್ಯಾರ. ಜನವರಿಯಾಗ ಮಷೀನ್ ನಾಲ್ಕು ದಿನ ನಿಂತಿತ್ತು. ಅವರನ್ನ ಬಿಡೋ ಮನಸ್ಸಿಲ್ಲ, ಆದ್ರ ಶರತ್ತು ಬದಲಾಗಬೇಕು. ದಿನಕ್ಕ 50,000 ದಂಡ ಹಾಕು ಅಂತ ಗೆಳೆಯರು ಹೇಳ್ತಾರ. ಪತ್ರ ಹೆಂಗ ಬರೀಲಿ?

ಉತ್ತರ: ಈ ಹಂಗಾಮಿನಲ್ಲಿ ನನಗೆ ಬಂದ ಇಂಥ ಐದನೆಯ ಪತ್ರ ಇದು. ಐದರಲ್ಲೂ ದರ ಇದೆ, ಸಿಟ್ಟು ಇದೆ. ಯಂತ್ರ ಯಾಕೆ ನಿಂತಿತು ಅನ್ನೋದು ಮಾತ್ರ ಒಂದರಲ್ಲೂ ಇಲ್ಲ. ಕೇಳಿದ ಮೇಲೆ ನೀವೊಬ್ಬರೇ ಸರ್ವಿಸ್ ರಿಜಿಸ್ಟರಿನ ಫೋಟೊ ಕಳಿಸಿದಿರಿ. ಅದಕ್ಕೇ ನಿಮಗೆ ಜಾಸ್ತಿ ಜಾಗ.

ನಿಮ್ಮದೇ ರಿಜಿಸ್ಟರ್ ಏನು ಹೇಳುತ್ತದೆ ನೋಡಿ. ವರ್ಷಕ್ಕೆ ಒಂಬತ್ತು ಸಲ ದೂರು ಕೊಟ್ಟಿದ್ದೀರಿ. ಅದರಲ್ಲಿ ಆರು ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಒಳಗೆ, ಹೊಸ ತೊಗರಿ ಬರುವ ಹೊತ್ತಿನಲ್ಲೇ. ಆ ಆರರಲ್ಲಿ ನಾಲ್ಕು ಸಲ ಕೆಟ್ಟದ್ದು ಇಜೆಕ್ಟರ್, ಅಂದರೆ ಕೆಟ್ಟ ಕಾಳನ್ನು ಗಾಳಿ ಊದಿ ಹೊರಗೆ ತಳ್ಳುವ ವಾಲ್ವ್. ನಾಲ್ಕು ದಿನ ನಿಂತ ಕಥೆಯೂ ಅದೇ. ಜನವರಿ 9ರ ಬೆಳಿಗ್ಗೆ ಫೋನ್ ಮಾಡಿದ್ದೀರಿ. 10ಕ್ಕೆ ಎಂಜಿನಿಯರ್ ಬಂದಿದ್ದಾರೆ. ಬಿಚ್ಚಿ ನೋಡಿ, ಇಜೆಕ್ಟರ್ ಕೈಯಲ್ಲಿ ಇಲ್ಲ ಅಂತ ವಾಪಸ್ ಹೋಗಿದ್ದಾರೆ. 13ಕ್ಕೆ ಪಾರ್ಸೆಲ್ ಬಂದಿದೆ, ಸಂಜೆ ಮಷೀನ್ ಓಡಿದೆ.

ಅಂದರೆ ಮನುಷ್ಯ ಒಂದೇ ದಿನಕ್ಕೆ ಬಂದಿದ್ದ. ಬರದೆ ಇದ್ದದ್ದು ಬಿಡಿಭಾಗ. ಎಲ್ಲರೂ ಅಲ್ಲಿಂದ ಇಲ್ಲಿಂದ ನಕಲು ಮಾಡಿ ಹಾಕುತ್ತಾರಲ್ಲ, ‘24 ಗಂಟೆಯೊಳಗೆ ಎಂಜಿನಿಯರ್ ಬರಬೇಕು’ ಅನ್ನೋ ಶರತ್ತು, ಅದನ್ನು ನೀವು ಹೋದ ವರ್ಷವೇ ಹಾಕಿದ್ದರೂ ಮಷೀನ್ ಆ ನಾಲ್ಕು ದಿನ ನಿಂತೇ ಇರುತ್ತಿತ್ತು.

ಇನ್ನೊಂದು ಫೋಟೊ ಇದೆ. ಅದನ್ನು ನೀವು ಓದಿಲ್ಲ ಅಂತ ಕಾಣುತ್ತದೆ. ನವೆಂಬರ್ ಭೇಟಿಯ ವರದಿಯ ಕೆಳಗೆ ಎಂಜಿನಿಯರ್ ಬರೆದಿದ್ದಾರೆ: ಏರ್ ಡ್ರೈಯರ್ ಫಿಲ್ಟರ್ ಬದಲಿಸಿ, ಕಂಪ್ರೆಸರ್ ಟ್ಯಾಂಕಿನ ನೀರು ದಿನಾ ಬಿಡಿ. ಅದರ ಕೆಳಗೆ ನಿಮ್ಮ ಸೂಪರ್‌ವೈಸರ್ ಸಹಿ. ಫಿಲ್ಟರ್ ಬದಲಾದದ್ದು ಫೆಬ್ರುವರಿಯಲ್ಲಿ. ನೀರು, ಎಣ್ಣೆ ಬೆರೆತ ಗಾಳಿ ಹೋದರೆ ಇಜೆಕ್ಟರ್ ಬಾಳುವುದಿಲ್ಲ. ಮೊದಲು ಅದು ಮಂದ ಆಗುತ್ತದೆ, ಕಪ್ಪು ಕಾಳು ಒಳ್ಳೆ ಬೇಳೆಗೆ ಸೇರುತ್ತದೆ. ಆಮೇಲೆ ತೆರೆದುಕೊಂಡೇ ಸಿಕ್ಕಿಹಾಕಿಕೊಳ್ಳುತ್ತದೆ, ಒಳ್ಳೆ ಬೇಳೆ ರಿಜೆಕ್ಟ್ ಚೀಲಕ್ಕೆ ಹೋಗುತ್ತದೆ. ನೀವು ಜಗಳದ ಪತ್ರ ಬರೆದರೆ ಅವರು ಈ ವರದಿಯ ನಕಲು ಲಗತ್ತಿಸಿ ಉತ್ತರ ಕಳಿಸುತ್ತಾರೆ, ಅಷ್ಟೇ. ಅದಕ್ಕೆ ಮುಂಚೆ ನೀವೇ ಒಪ್ಪಿಕೊಂಡು ಪತ್ರ ಶುರು ಮಾಡಿ.

ಈಗ ಕೇಳಬೇಕಾದದ್ದು ಮೂರು. ಮೊದಲನೆಯದು ಬಿಡಿಭಾಗ. ಹತ್ತು ಇಜೆಕ್ಟರ್ ನಿಮ್ಮ ಮಿಲ್ಲಿನಲ್ಲೇ ಇರಲಿ, ಆದರೆ ಮಾಲು ಅವರದ್ದೇ. ಡೆಲಿವರಿ ಚಲನ್ ಮೇಲೆ ಕಳಿಸಲಿ, ಬಳಸಿದಷ್ಟಕ್ಕೆ ಬಿಲ್ ಮಾಡಲಿ. ಒಪ್ಪಿಗೆ ಆದರೆ ಇಟ್ಟುಕೊಳ್ಳೋಣ ಅಂತ ಹೀಗೆ ಕಳಿಸಿದ ಮಾಲಿಗೆ ಜಿಎಸ್‌ಟಿಯಲ್ಲಿ ಆರು ತಿಂಗಳ ಗಡುವು ಇದೆ. ಅಷ್ಟರೊಳಗೆ ಬಿಲ್ ಆಗಬೇಕು, ಇಲ್ಲ ವಾಪಸ್ ಹೋಗಬೇಕು. ಅಕ್ಟೋಬರ್‌ನಲ್ಲಿ ತರಿಸಿ, ಮಾರ್ಚ್ ಕೊನೆಗೆ ಉಳಿದದ್ದು ಮರಳಿಸಿದರೆ ನಿಮ್ಮ ಹಂಗಾಮು ಪೂರ್ತಿ ಅದರೊಳಗೇ ಬಂತು.

ಎರಡನೆಯದು ಭೇಟಿಯ ತಿಂಗಳು. ಈಗ ಮೇ, ಆಗಸ್ಟ್, ನವೆಂಬರ್, ಫೆಬ್ರುವರಿ ಅಂತ ಬರುತ್ತಾರೆ. ಅದು ಅವರ ಆಫೀಸಿನ ಲೆಕ್ಕ, ತೊಗರಿಯ ಲೆಕ್ಕ ಅಲ್ಲ. ಭೇಟಿ ನಾಲ್ಕೇ ಇರಲಿ. ಅಕ್ಟೋಬರ್‌ನಲ್ಲಿ ಪೂರ್ತಿ ಬಿಚ್ಚಿ ತೊಳೆದು ನೋಡುವುದು, ಆಮೇಲೆ ಡಿಸೆಂಬರ್ ಮಧ್ಯ, ಜನವರಿ ಕೊನೆ, ಕೊನೆಯದು ಜೂನ್. ಅವರಿಗೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ, ಅದಕ್ಕೇ ಒಪ್ಪುತ್ತಾರೆ.

ಮೂರನೆಯದು ಕರಾರಿನ ವರ್ಷ. ಇದನ್ನು ಯಾರೂ ಕೇಳುವುದಿಲ್ಲ, ನನಗೆ ಅದೇ ಆಶ್ಚರ್ಯ. ಮಾರ್ಚ್‌ಗೆ ಮುಗಿಯುವ ಕರಾರಿನ ಮಾತುಕತೆ ಜನವರಿ, ಫೆಬ್ರುವರಿಯಲ್ಲಿ ನಡೆಯುತ್ತದೆ. ಆಗ ನಿಮ್ಮ ಮಷೀನ್ ನಿಲ್ಲುವಂತಿಲ್ಲ, ಅದು ಅವರಿಗೂ ಗೊತ್ತು. ಅದೇ ಕರಾರು ಸೆಪ್ಟೆಂಬರ್ 30ಕ್ಕೆ ಮುಗಿದರೆ ಮಾತು ಆಗಸ್ಟ್‌ನಲ್ಲಿ ನಡೆಯುತ್ತದೆ. ಆಗ ಅವರ ಹುಡುಗರು ಖಾಲಿ ಕೂತಿರುತ್ತಾರೆ. ಹಾಗಾಗಿ ಈ ಸಲ 18 ತಿಂಗಳಿಗೆ ಕೇಳಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ದರ, ಅರ್ಧ ವರ್ಷಕ್ಕೆ 90,000. ಅಕ್ಟೋಬರ್‌ನಿಂದ 12 ತಿಂಗಳಿಗೆ 2,04,000. ಒಟ್ಟು 2,94,000, ಜಿಎಸ್‌ಟಿ ಬೇರೆ. ಅವರ ಹೊಸ ದರದಲ್ಲೇ 18 ತಿಂಗಳು ಹಾಕಿದರೆ 3,15,000 ಆಗುತ್ತದೆ. ನಿಮಗೆ 21,000 ಉಳಿಯಿತು, ಅವರಿಗೆ ಒಂದೂವರೆ ವರ್ಷದ ಗ್ಯಾರಂಟಿ ಕೆಲಸ ಸಿಕ್ಕಿತು. ಹಣ ಏಪ್ರಿಲ್‌ನಲ್ಲಿ 90,000, ಅಕ್ಟೋಬರ್ ಭೇಟಿ ಮುಗಿದ ಮೇಲೆ 1,02,000, ಜನವರಿ ಭೇಟಿ ಮುಗಿದ ಮೇಲೆ ಉಳಿದ 1,02,000. ಭೇಟಿಗೆ ಹಣ ಗಂಟು ಹಾಕಿದರೆ ಭೇಟಿ ತಪ್ಪುವುದಿಲ್ಲ.

ದಿನಕ್ಕೆ 50,000 ದಂಡ ಅಂದ ಗೆಳೆಯರಿಗೆ ಒಂದು ಚಹಾ ಕುಡಿಸಿ ಕಳಿಸಿ. ಎರಡು ಲಕ್ಷದ ಕರಾರಿಗೆ ಆ ಶರತ್ತು ಬರೆದರೆ ಯಾರೂ ಸಹಿ ಹಾಕುವುದಿಲ್ಲ. ಹಾಕಿದರೂ 1872ರ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ಕೋರ್ಟು ಕೊಡಿಸುವುದು ಸಮಂಜಸ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ, ತಾನಾಗಿ ಸಿಗುವ ಹಣ ಅಲ್ಲ. ಹಂಗಾಮಿನಲ್ಲಿ ಫೋನ್ ಮಾಡಿದ 72 ಗಂಟೆ ದಾಟಿದರೆ ದಿನಕ್ಕೆ 1,500, ಗರಿಷ್ಠ 15,000, ಕೊನೆಯ ಕಂತಿನಲ್ಲಿ ಕಡಿತ. ಇಷ್ಟು ಸಾಕು. ಲೆಕ್ಕ ಎಂಜಿನಿಯರ್ ಬಂದ ಹೊತ್ತಿಗೆ ನಿಲ್ಲಬಾರದು, ಮಷೀನ್ ಓಡಿದ ಹೊತ್ತಿಗೆ ನಿಲ್ಲಬೇಕು. ಅದನ್ನು ಸ್ಪಷ್ಟ ಬರೆಯಿರಿ.

ಪತ್ರ ಇಂಗ್ಲಿಷಿನಲ್ಲೇ ಕಳಿಸುತ್ತೀರಿ, ಗೊತ್ತು. ಒಳಗಿನ ಮಾತು ಇಷ್ಟಿರಲಿ:

“ಏಳು ವರ್ಷದಿಂದ ನಿಮ್ಮ ಸೇವೆ ಪಡೆಯುತ್ತಿದ್ದೇವೆ, ಮುಂದುವರಿಸಲು ಬಯಸುತ್ತೇವೆ. ಹಿಂದಿನ 12 ತಿಂಗಳ ದೂರುಗಳ ಪಟ್ಟಿ ಜೊತೆಗಿದೆ. ಏರ್ ಫಿಲ್ಟರ್ ಬದಲಿಸಲು ನಮ್ಮಿಂದ ತಡವಾಯಿತು. ಇನ್ನು ಮುಂದೆ ಫಿಲ್ಟರ್ ಬದಲಿಸಿದ ದಿನ, ಟ್ಯಾಂಕಿನ ನೀರು ಬಿಟ್ಟ ವೇಳೆ ಬರೆದಿಡುತ್ತೇವೆ, ನಿಮ್ಮ ಎಂಜಿನಿಯರ್ ಪ್ರತಿ ಭೇಟಿಯಲ್ಲಿ ನೋಡಬಹುದು. ನಿಮ್ಮ ಕೊಟೇಶನ್ ಬದಲಿಗೆ ಈ ಕೆಳಗಿನ ಶರತ್ತುಗಳಲ್ಲಿ ನವೀಕರಣ ಕೋರುತ್ತೇವೆ. ನಿಮ್ಮ ಲಿಖಿತ ಒಪ್ಪಿಗೆ ಬರುವ ಮೊದಲು ನಾವು ಮಾಡುವ ಯಾವ ಪಾವತಿಯನ್ನೂ ಹಳೆಯ ಕೊಟೇಶನ್‌ಗೆ ಒಪ್ಪಿಗೆ ಎಂದು ತಿಳಿಯಬಾರದು.”

ಕೊನೆಯ ಆ ವಾಕ್ಯ ಬಿಡಬೇಡಿ. ಇದರಲ್ಲಿ ನನಗೇ ಒಮ್ಮೆ ಪೆಟ್ಟು ಬಿದ್ದಿದೆ. ಸೇಡಂ ಕಡೆಯ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಇದ್ದಾಗ ವೇಬ್ರಿಜ್ ಎಎಂಸಿಗೆ ನಾನು ಶರತ್ತು ಬದಲಿಸಿ ಮೇಲ್ ಕಳಿಸಿದ್ದೆ. ಅದೇ ವಾರ ನಮ್ಮ ಅಕೌಂಟ್ಸ್‌ನವರು ಅವರ ಪ್ರೊಫಾರ್ಮಾ ಇನ್‌ವಾಯ್ಸ್‌ಗೆ ಪೂರ್ತಿ ಹಣ ಕಟ್ಟಿಬಿಟ್ಟರು. ನನ್ನ ಮೇಲ್‌ಗೆ ಉತ್ತರವೇ ಬರಲಿಲ್ಲ. ಕೇಳಿದರೆ, ಹಣ ಕಟ್ಟಿದಿರಲ್ಲ, ಒಪ್ಪಿದ ಹಾಗೆ ಆಯಿತಲ್ಲ ಅಂದರು. ಅವರ ಮಾತಿಗೆ ಬಲ ಇತ್ತು. ಬದಲಾವಣೆ ಕೇಳಿದರೆ ಅದು ಒಪ್ಪಿಗೆ ಅಲ್ಲ, ಹೊಸ ಪ್ರಸ್ತಾವ. ಆದರೆ ನಡತೆಯಿಂದಲೂ ಒಪ್ಪಿಗೆ ಆಗುತ್ತದೆ, ಅದೇ ಕಾಯಿದೆಯ 8ನೇ ಕಲಮು. ಆದ್ದರಿಂದ ಪತ್ರ ಹೋಗುವ ಮುಂಚೆ ನಿಮ್ಮ ಮುನೀಮರ ಟೇಬಲ್ ಮೇಲಿನ ಆ ಪ್ರೊಫಾರ್ಮಾ ತೆಗೆದು ನಿಮ್ಮ ಬಳಿ ಇಟ್ಟುಕೊಳ್ಳಿ.

ಇನ್ನು ಹಳೆಯ ಕರಾರಿನ ಕೊನೆಯ ಪುಟ ಓದಿ. ‘ಇಷ್ಟು ದಿನ ಮುಂಚೆ ತಿಳಿಸದಿದ್ದರೆ ತಾನಾಗಿ ನವೀಕರಣ’ ಅಂತ ಇದ್ದರೆ ಆ ದಿನ ದಾಟುವ ಮೊದಲೇ ಮೇಲ್ ಹೋಗಬೇಕು. 60 ದಿನ ಅಂತಿದ್ದರೆ ಅದು ಜನವರಿ 30. ದಾಟಿದ್ದರೆ ಹಕ್ಕಿನ ಮಾತು ಬಿಟ್ಟು ವಿನಂತಿ ಮಾಡಿ. ಏಳು ವರ್ಷದ ಗಿರಾಕಿಗೆ ಅಷ್ಟು ನಡೆಸಿಕೊಡುತ್ತಾರೆ. ಮಾರ್ಚ್ 31ರೊಳಗೆ ಉತ್ತರ ಬರದಿದ್ದರೆ ಒಂದು ತಿಂಗಳು ಹಳೆಯ ದರಕ್ಕೆ ವಿಸ್ತರಣೆ ಕೇಳಿ, 15,000 ಆಗುತ್ತದೆ. ಆದರೆ ಅದನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಫೋನ್‌ನಲ್ಲಿ ‘ನೋಡ್ಕೊಳ್ತೀವಿ ಸಾರ್’ ಅಂದದ್ದು ಲೆಕ್ಕಕ್ಕಿಲ್ಲ.

ಪ್ರಶ್ನೆ: ಬೀದರ್‌ನಲ್ಲಿ ನಮ್ಮ ಲಾಡ್ಜಿನ ಲಿಫ್ಟ್ ಎಎಂಸಿ ಇದೆ. ಹೊಸ ಶರತ್ತು ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸಿದರೆ ಮಾತ್ರ ನಡೆಯುತ್ತದೆ ಅಂತ ಒಬ್ಬರು 3,000 ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ಕರಾರು ಆಗುವುದು ಇಬ್ಬರ ಒಪ್ಪಿಗೆಯಿಂದ, ನೋಟರಿ ಸೀಲಿನಿಂದ ಅಲ್ಲ. ಸ್ಟ್ಯಾಂಪ್ ಶುಲ್ಕ ಬೇರೆ ವಿಷಯ, ಇ-ಸ್ಟ್ಯಾಂಪ್ ನೀವೇ ತೆಗೆಸಬಹುದು.

ಪ್ರಶ್ನೆ: ಒಪ್ಪದಿದ್ದರೆ ಗ್ರಾಹಕರ ಕೋರ್ಟಿಗೆ ಹೋಗ್ತೀವಿ ಅಂತ ಪತ್ರದಲ್ಲಿ ಬರೆಯಬಹುದಾ? (ಶಹಾಪುರದ ಜಿನ್ನಿಂಗ್ ಮಿಲ್)

ಉತ್ತರ: ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆಗೆ ನೀವು ಗ್ರಾಹಕ ರಕ್ಷಣಾ ಕಾಯಿದೆಯ ಗ್ರಾಹಕರೇ ಅಲ್ಲ. ಬೆದರಿಕೆ ಓದಿ ಅವರು ನಗುತ್ತಾರೆ.

ಪ್ರಶ್ನೆ: ಯಾದಗಿರಿಯಲ್ಲಿ ನಮ್ಮ ಕೋಲ್ಡ್ ಸ್ಟೋರೇಜ್ ಇದೆ. ದರ ಇಳಿಸಲು ಒಪ್ಪುತ್ತಿಲ್ಲ. ಬದಲಿಗೆ 90 ದಿನಕ್ಕೆ ಬಿಲ್ ಕೊಡ್ತೀವಿ ಅಂತ ಕರಾರಿನಲ್ಲಿ ಹಾಕಿಸಬಹುದಾ?

ಉತ್ತರ: ಮೊದಲು ಅವರ ಬಿಲ್ ಮೇಲೆ ಉದ್ಯಮ್ ನಂಬರ್ ಇದೆಯಾ ನೋಡಿ. ಅತಿ ಸಣ್ಣ ಅಥವಾ ಸಣ್ಣ ಉದ್ಯಮ ಆಗಿದ್ದರೆ 2006ರ ಎಂಎಸ್‌ಎಂಇ ಕಾಯಿದೆ ಪ್ರಕಾರ 45 ದಿನ ಮೀರುವ ಶರತ್ತು ನಿಲ್ಲುವುದಿಲ್ಲ, ಅವರು ಸಹಿ ಹಾಕಿದ್ದರೂ ಸರಿ. ಬರಹದ ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಗಡುವು ಮೀರಿ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಲೂ ಬರುವುದಿಲ್ಲ, ಹಣ ಕಟ್ಟಿದ ವರ್ಷಕ್ಕೆ ಹೋಗುತ್ತದೆ. ಅದಕ್ಕಿಂತ ತಿರುಗಾ ಮುರುಗಾ ಮಾಡಿ: 10 ದಿನದಲ್ಲಿ ಕೊಡ್ತೀವಿ, ದರದಲ್ಲಿ ಎಷ್ಟು ಬಿಡ್ತೀರಿ ಅಂತ ಕೇಳಿ. ಸಣ್ಣ ಕಂಪನಿಗೆ ಬೇಗ ಬರುವ ಹಣದ ಬೆಲೆ ಗೊತ್ತಿರುತ್ತದೆ.