ಏಳನೇ ತರಗತಿಯ ಗುಂಪು ಮಂಡನೆಗೆ ರುಬ್ರಿಕ್: ನಾಲ್ಕು ಸಾಲು, 15 ಅಂಕ

ಪ್ರಶ್ನೆ: ಕಾಸರಗೋಡಿನ ಕನ್ನಡ ಮಾಧ್ಯಮ ಯು.ಪಿ. ಶಾಲೆಯಲ್ಲಿ ಏಳನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. 40 ಮಕ್ಕಳು, ಎಂಟು ಗುಂಪು. ‘ನಮ್ಮೂರಿನ ನೀರಿನ ಮೂಲಗಳು’ ಎಂದು ಗುಂಪು ಮಂಡನೆ ಮಾಡಿಸಬೇಕು. ಅಂಕ ಕೊಡಲು ಸರಳವಾದ ರುಬ್ರಿಕ್ ಹೇಗೆ ಮಾಡುವುದು? ಒಬ್ಬ ಕೆಲಸ ಮಾಡಿ ಉಳಿದವರು ಸುಮ್ಮನೆ ನಿಂತರೆ?

ಉತ್ತರ:

ನಾಲ್ಕು ಮಾನದಂಡ ಸಾಕು, ಪ್ರತಿಯೊಂದಕ್ಕೂ ಮೂರು ಮಟ್ಟ. ಎರಡು ಮಾನದಂಡ ಗುಂಪಿಗೆ, ಎರಡು ಒಬ್ಬೊಬ್ಬರಿಗೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಈ ವಿಂಗಡಣೆಯಲ್ಲೇ ಇದೆ. ಎಂಟು ಹತ್ತು ಮಾನದಂಡಗಳ ಪಟ್ಟಿ ಕಾಗದದ ಮೇಲೆ ಚಂದ ಕಾಣುತ್ತದೆ, ಆದರೆ ಮಕ್ಕಳು ಮಾತಾಡುತ್ತಿರುವಾಗ ಅದನ್ನು ತುಂಬಲು ಆಗುವುದಿಲ್ಲ. ಕೊನೆಗೆ ಎಲ್ಲ ಮುಗಿದ ಮೇಲೆ ಅಂದಾಜಿನಲ್ಲಿ ಗೀಚಬೇಕಾಗುತ್ತದೆ.

ಗುಂಪಿಗೆ ಸಿಗುವ ಅಂಕ: ವಿಷಯ (ಮಟ್ಟದ ಎರಡರಷ್ಟು, ಗರಿಷ್ಠ 6) ಮತ್ತು ಕ್ರಮ (ಗರಿಷ್ಠ 3). ಒಬ್ಬೊಬ್ಬರಿಗೆ ಸಿಗುವುದು: ಮಾತು (3) ಮತ್ತು ಪ್ರಶ್ನೆಗೆ ಉತ್ತರ (3). ಒಟ್ಟು 15. ಗುಂಪಿನ ಪಾಲು 9, ವೈಯಕ್ತಿಕ ಪಾಲು 6 ಇರಲಿ. ವೈಯಕ್ತಿಕ ಪಾಲು ಇದಕ್ಕಿಂತ ತುಂಬ ಕಡಿಮೆಯಾದರೆ ಸುಮ್ಮನೆ ನಿಂತವನಿಗೆ ಏನೂ ನಷ್ಟವಿಲ್ಲ. ತುಂಬ ಹೆಚ್ಚಾದರೆ ಚುರುಕಿನ ಮಕ್ಕಳು ತಮ್ಮ ಭಾಗವನ್ನಷ್ಟೇ ತಯಾರು ಮಾಡಿಕೊಂಡು ಬರುತ್ತಾರೆ, ಗುಂಪೆಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ.

ಇನ್ನು ಮಟ್ಟಗಳ ವಿವರಣೆ. ರುಬ್ರಿಕ್ ಕೆಡುವುದು ಹೆಚ್ಚಾಗಿ ಇಲ್ಲೇ. ‘ಉತ್ತಮ’, ‘ಸಾಧಾರಣ’, ‘ಇನ್ನೂ ಸುಧಾರಿಸಬೇಕು’ ಎಂದು ಬರೆದರೆ ಅದು ಅಂಕದ ಇನ್ನೊಂದು ಹೆಸರಷ್ಟೇ. ಯಾವುದಕ್ಕೆ ಉತ್ತಮ ಎಂಬುದು ಮಗುವಿಗೂ ತಿಳಿಯದು, ಪಕ್ಕದ ತರಗತಿಯ ಟೀಚರಿಗೂ ತಿಳಿಯದು. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿಯನ್ನು ಬರೆಯಿರಿ.

ವಿಷಯ
3: ಕನಿಷ್ಠ ಮೂರು ಸರಿಯಾದ ಮಾಹಿತಿ, ಅದರಲ್ಲಿ ಒಂದಾದರೂ ಮಕ್ಕಳೇ ನೋಡಿ ಅಥವಾ ಯಾರನ್ನಾದರೂ ಕೇಳಿ ತಂದದ್ದು, ಯಾರಿಂದ ತಿಳಿಯಿತೆಂದೂ ಹೇಳುತ್ತಾರೆ.
2: ಮೂರು ಸರಿಯಾದ ಮಾಹಿತಿ ಇದೆ, ಆದರೆ ಎಲ್ಲವೂ ಪುಸ್ತಕದ್ದೇ.
1: ಮೂರಕ್ಕಿಂತ ಕಡಿಮೆ ಸರಿಯಾದ ಮಾಹಿತಿ, ಅಥವಾ ಮುಖ್ಯ ಸಂಗತಿಯೇ ತಪ್ಪು.

ಕ್ರಮ
3: ಏನು, ಹೇಗೆ, ಈಗ ಹೇಗಿದೆ ಎಂಬ ಮೂರೂ ಭಾಗ ಒಂದರ ನಂತರ ಒಂದು ಬರುತ್ತವೆ, ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ.
2: ಒಂದು ಭಾಗ ಬಿಟ್ಟುಹೋಗಿದೆ, ಅಥವಾ ಇಬ್ಬರು ಒಂದನ್ನೇ ಹೇಳಿದ್ದಾರೆ, ಅಥವಾ ಸಮಯ ಮೀರಿದೆ.
1: ಇವುಗಳಲ್ಲಿ ಎರಡು ಕೊರತೆಯಾದರೂ ಇವೆ.

ಮಾತು
3: ಕೊನೆಯ ಬೆಂಚಿಗೆ ಕೇಳಿಸುತ್ತದೆ, ಚೀಟಿ ಆಗಾಗ ನೋಡಿದರೂ ತಮ್ಮ ಮಾತಿನಲ್ಲೇ ಹೇಳುತ್ತಾರೆ.
2: ಕೇಳಿಸುತ್ತದೆ, ಆದರೆ ಪೂರ್ತಿ ಓದಿ ಹೇಳುತ್ತಾರೆ.
1: ಹಿಂದಿನವರಿಗೆ ಕೇಳಿಸುವುದಿಲ್ಲ.

ಉತ್ತರ
3: ಸರಿಯಾದ ಉತ್ತರ, ಜತೆಗೆ ಕಾರಣ ಅಥವಾ ಉದಾಹರಣೆ.
2: ಸರಿಯಾದ ಉತ್ತರ ಮಾತ್ರ.
1: ಪ್ರಯತ್ನಿಸುತ್ತಾರೆ, ಆದರೆ ತಪ್ಪು.

ಏನನ್ನೂ ಮಾಡದಿದ್ದರೆ ಎಲ್ಲ ಸಾಲಿಗೂ 0 ಇದೆ ಎಂದು ಕೆಳಗೆ ಬರೆದಿಡಿ. ಅದಿಲ್ಲದಿದ್ದರೆ ಕನಿಷ್ಠ ಅಂಕ 5 ಆಗುತ್ತದೆ, ಅಂದರೆ ಬಾಯಿಯನ್ನೇ ತೆರೆಯದ ಮಗುವಿಗೂ ಮೂರನೇ ಒಂದು ಪಾಲು.

‘ಮಾತು’ ಸಾಲಿನಲ್ಲಿ ಶುದ್ಧ ಉಚ್ಚಾರ, ಸ್ಪಷ್ಟ ಭಾಷೆ ಎಂಬುದನ್ನು ಬೇಕೆಂದೇ ಸೇರಿಸಿಲ್ಲ. ನಮ್ಮಲ್ಲಿ ತರಗತಿಯ ಅರ್ಧ ಮಕ್ಕಳ ಮನೆಮಾತು ತುಳುವೋ ಮಲಯಾಳವೋ ಕೊಂಕಣಿಯೋ ಬ್ಯಾರಿಯೋ ಆಗಿರಬಹುದು. ಸಮಾಜ ವಿಜ್ಞಾನದ ಮಂಡನೆಯಲ್ಲಿ ಉಚ್ಚಾರಕ್ಕೆ ಅಂಕ ಇಟ್ಟರೆ, ನೀರಿನ ಬಗ್ಗೆ ಏನು ಕಲಿತರು ಎನ್ನುವುದಕ್ಕಲ್ಲ, ಯಾರ ಮನೆಯಲ್ಲಿ ಕನ್ನಡ ಇದೆ ಎನ್ನುವುದಕ್ಕೆ ಅಂಕ ಬೀಳುತ್ತದೆ. ಚಾರ್ಟಿನ ಅಂದಕ್ಕೂ ಅಂಕ ಬೇಡ. ಅದನ್ನು ಬರೆದವರು ಎಷ್ಟೋ ಸಲ ಮನೆಯ ದೊಡ್ಡವರು.

ಈಗ ಒಂದು ಗುಂಪಿಗೆ ಹಾಕಿ ನೋಡೋಣ. ವಿಷಯ: ಸುರಂಗ. ಮಕ್ಕಳು ಹೇಳಿದ್ದು: ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆಯುತ್ತಾರೆ, ಕಲ್ಲಿನಿಂದ ಒಸರುವ ನೀರು ಪಂಪಿಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ, ಅದನ್ನು ತೊಟ್ಟಿಯಲ್ಲಿ ಹಿಡಿದು ಮನೆಗೂ ತೋಟಕ್ಕೂ ಬಳಸುತ್ತಾರೆ. ಮೂರೂ ಸರಿ, ಆದರೆ ಎಲ್ಲವೂ ಓದಿದ್ದು. ಊರಿನಲ್ಲಿ ಸುರಂಗವಿದ್ದರೂ ಯಾರೂ ಹೋಗಿ ನೋಡಿಲ್ಲ, ಅಜ್ಜನನ್ನೂ ಕೇಳಿಲ್ಲ. ಹಾಗಾಗಿ ವಿಷಯಕ್ಕೆ ಮಟ್ಟ 2, ಅಂಕ 4. ಮೂರೂ ಭಾಗ ಸರಿಯಾಗಿ ಬಂದು ಸಮಯಕ್ಕೆ ಮುಗಿದದ್ದಕ್ಕೆ ಕ್ರಮಕ್ಕೆ 3. ಐವರಿಗೂ ಗುಂಪಿನ ಅಂಕ 7.

ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ. ಗಟ್ಟಿಯಾಗಿ, ತನ್ನ ಮಾತಿನಲ್ಲೇ ಹೇಳಿದ ಹುಡುಗನಿಗೆ ‘ನೀರು ತಾನಾಗಿ ಹೊರಗೆ ಬರಬೇಕಾದರೆ ಒಳಗಿನ ನೆಲ ಯಾವ ಕಡೆಗೆ ಇಳಿಜಾರಾಗಿರಬೇಕು?’ ಎಂದು ಕೇಳಿದರೆ ‘ಒಳಗೆ’ ಅನ್ನುತ್ತಾನೆ. ಮಾತಿಗೆ 3, ಉತ್ತರಕ್ಕೆ 1, ಒಟ್ಟು 11. ಪಕ್ಕದಲ್ಲಿ ಮೆಲ್ಲಗೆ ಎರಡೇ ವಾಕ್ಯ ಹೇಳಿ ಮುಗಿಸಿದ ಹುಡುಗಿಯನ್ನು ‘ಬಾವಿಗೂ ಇದಕ್ಕೂ ಏನು ವ್ಯತ್ಯಾಸ?’ ಎಂದು ಕೇಳಿದರೆ, ಬಾವಿಯನ್ನು ಕೆಳಕ್ಕೆ ತೋಡುತ್ತಾರೆ, ನೀರು ಸೇದಬೇಕು, ಇದನ್ನು ಅಡ್ಡಕ್ಕೆ ಕೊರೆಯುವುದರಿಂದ ಸೇದುವ ಕೆಲಸವಿಲ್ಲ ಎನ್ನುತ್ತಾಳೆ. ಮಾತಿಗೆ 1, ಉತ್ತರಕ್ಕೆ 3, ಅವಳಿಗೂ 11. ಇಬ್ಬರ ಮೊತ್ತ ಒಂದೇ, ತಿದ್ದಬೇಕಾದದ್ದು ಬೇರೆ ಬೇರೆ. ಅದಕ್ಕೇ ಮಕ್ಕಳಿಗೆ ಬರೀ ಒಟ್ಟು ಅಂಕ ಹೇಳಬೇಡಿ, ನಾಲ್ಕು ಅಂಕಗಳನ್ನೂ ಬಿಡಿಯಾಗಿ ತೋರಿಸಿ. ಚಾರ್ಟು ಹಿಡಿದು ನಿಂತದ್ದು ಬಿಟ್ಟರೆ ಬೇರೇನೂ ಮಾಡದೆ, ಪ್ರಶ್ನೆಗೂ ಸುಮ್ಮನಿದ್ದವನಿಗೆ 7 ಮಾತ್ರ ಉಳಿಯುತ್ತದೆ.

ಪ್ರಶ್ನೆ ಕೇಳುವುದರಲ್ಲಿ ಒಂದು ಗುಟ್ಟಿದೆ: ಆ ಮಗು ಹೇಳಿದ ಭಾಗದಿಂದ ಕೇಳಬೇಡಿ, ಗೆಳೆಯ ಹೇಳಿದ ಭಾಗದಿಂದ ಕೇಳಿ. ಹಾಗೆ ಕೇಳುತ್ತೀರೆಂದು ಮೊದಲೇ ತಿಳಿಸಿಬಿಟ್ಟರೆ ಗುಂಪಿನೊಳಗೆ ಒಬ್ಬರಿಗೊಬ್ಬರು ಹೇಳಿಕೊಡಲು ಶುರು ಮಾಡುತ್ತಾರೆ.

ಸಮಯದ ಲೆಕ್ಕ ಹೀಗೆ: ಮಂಡನೆಗೆ 4 ನಿಮಿಷ, ಐದು ಪ್ರಶ್ನೆಗೆ 3, ಅಂಕ ಹಾಕಲು 1. ಒಂದು ಗುಂಪಿಗೆ 8 ನಿಮಿಷ, ಎಂಟು ಗುಂಪಿಗೆ 64. ಒಂದು ಪಿರಿಯಡಿನಲ್ಲಿ ಮುಗಿಸಲು ಹೋದರೆ ಕೊನೆಯ ಗುಂಪುಗಳ ಪ್ರಶ್ನೆಗೆ ಕತ್ತರಿ ಬೀಳುತ್ತದೆ. ಎರಡು ಪಿರಿಯಡು ಇಟ್ಟುಕೊಳ್ಳಿ, ನಾಲ್ಕು ನಾಲ್ಕು ಗುಂಪು. ಆ ಕೊನೆಯ ಒಂದು ನಿಮಿಷವನ್ನು ಬಿಡಬೇಡಿ. ಎಲ್ಲ ಮುಗಿದ ಮೇಲೆ ಅಂಕ ಹಾಕಿದರೆ ಮೊದಲಿನ ಗುಂಪುಗಳು ಮರೆತುಹೋಗಿ, ನೆನಪಿನಲ್ಲಿ ಹಸಿಯಾಗಿರುವ ಕೊನೆಯ ಗುಂಪಿಗೆ ಲಾಭವಾಗುತ್ತದೆ.

ರುಬ್ರಿಕನ್ನು ಮಂಡನೆಗೆ ಒಂದು ವಾರ ಮೊದಲೇ ಮಕ್ಕಳ ಕೈಗೆ ಕೊಡಿ. ಬಳಸುವ ಮುನ್ನ ಒಂದು ಪರೀಕ್ಷೆಯನ್ನೂ ಮಾಡಿ: ನೀವು ಒಂದು ನಿಮಿಷದ ಮಾದರಿ ಮಂಡನೆ ಮಾಡಿ, ಅದರಲ್ಲಿ ಒಂದು ತಪ್ಪು ಮಾಹಿತಿ ಬೇಕೆಂದೇ ಸೇರಿಸಿ, ಇನ್ನೊಬ್ಬ ಟೀಚರೂ ಮಕ್ಕಳೂ ಅಂಕ ಹಾಕಲಿ. ಒಂದೇ ಸಾಲಿಗೆ ಕೆಲವರು 3, ಕೆಲವರು 1 ಹಾಕಿದರೆ ತಪ್ಪು ಅವರದಲ್ಲ, ಆ ಸಾಲಿನ ವಾಕ್ಯದ್ದು. ಬದಲಾಯಿಸಿ ಬರೆಯಿರಿ. ನಿಜವಾದ ಮಂಡನೆಯಲ್ಲಿ ಎಲ್ಲರಿಗೂ 2 ಬರುತ್ತಿದ್ದರೂ ಇದೇ ರೋಗ: ಮಟ್ಟ 2ರಲ್ಲಿ ‘ಸ್ವಲ್ಪ ಮಟ್ಟಿಗೆ’ ಎಂಬಂಥ ಮಾತು ಎಲ್ಲೋ ಉಳಿದಿದೆ.

ಕೇಳುವ ಮಕ್ಕಳಿಂದ ಅಂಕ ಹಾಕಿಸಬೇಡಿ, ಗೆಳೆಯರಿಗೆಲ್ಲ ಪೂರ್ತಿ ಅಂಕ ಹೋಗುತ್ತದೆ. ಬದಲಿಗೆ ಒಂದು ಚೀಟಿಯಲ್ಲಿ ‘ಈ ಗುಂಪಿನಿಂದ ತಿಳಿದ ಒಂದು ಸಂಗತಿ, ಕೇಳಬೇಕೆನಿಸಿದ ಒಂದು ಪ್ರಶ್ನೆ’ ಬರೆಸಿ. ಆ ಪ್ರಶ್ನೆಗಳಲ್ಲೇ ನಿಮ್ಮ ಐದು ಪ್ರಶ್ನೆಗೆ ಬೇಕಾದಷ್ಟು ಸಿಗುತ್ತವೆ.