ಶಿಸ್ತಿನ ಭಾಷಣಕ್ಕೆ ಮೊದಲ ಸಾಲು

ಪ್ರಶ್ನೆ: ಬೆಳಗಿನ ಅಸೆಂಬ್ಲಿಯಲ್ಲಿ ಶಿಸ್ತಿನ ಬಗ್ಗೆ ಐದು ನಿಮಿಷ ಮಾತಾಡಬೇಕು. ಒಂದು ಚಿಕ್ಕ ಗಾದೆ ಇಟ್ಟುಕೊಂಡು ಹೇಗೆ ಶುರು ಮಾಡಲಿ?

"ಹನಿ ಹನಿ ಕೂಡಿದರೆ..." ಅಂತ ಹೇಳಿ ನಿಲ್ಲಿಸಿಬಿಡಿ. "ಹಳ್ಳ" ಅನ್ನೋದನ್ನ ಮಕ್ಕಳೇ ಹೇಳಲಿ.

ಈ ಗಾದೆ ಹೆಚ್ಚಿನ ಮಕ್ಕಳಿಗೆ ಬಾಯಿಪಾಠ ಇರುತ್ತದೆ. ಅರ್ಧಕ್ಕೆ ಬಿಟ್ಟರೆ ಸುಮ್ನೆ ಇರೋಕಾಗಲ್ಲ, ಯಾರಾದರೂ ಮುಗಿಸಿಯೇ ಮುಗಿಸುತ್ತಾರೆ. ಸಾಮಾನ್ಯವಾಗಿ ಮುಂದಿನ ಸಾಲಿನ ಚಿಕ್ಕವರು ಮೊದಲು ಕೂಗುತ್ತಾರೆ, ಹಿಂದೆ ನಿಂತ ದೊಡ್ಡ ಕ್ಲಾಸಿನವರು ಆಗ ಮಾತು ನಿಲ್ಲಿಸಿ ಏನಾಯ್ತು ಅಂತ ಈ ಕಡೆ ನೋಡುತ್ತಾರೆ. ನಿಮಗೆ ಬೇಕಾಗಿರೋದು ಆ ನೋಟ. ಎರಡು ಉಸಿರಿನಷ್ಟು ಹೊತ್ತು ಕಾದರೂ ಯಾರೂ ಹೇಳದಿದ್ದರೆ ನೀವೇ "ಹಳ್ಳ" ಅಂದು ಮುಂದೆ ಹೋಗಿ. "ಜೋರಾಗಿ ಹೇಳಿ, ಕೇಳಿಸ್ತಿಲ್ಲ" ಅಂತ ಒತ್ತಾಯ ಮಾಡಬೇಡಿ, ಅಲ್ಲಿಗೆ ಅದು ಡ್ರಿಲ್ ಆಗಿಬಿಡುತ್ತದೆ.

ಶಿಸ್ತು ಅಂದ ತಕ್ಷಣ ಎಲ್ಲರಿಗೂ ಹೊಳೆಯೋದು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಅನ್ನೋದು. ಅಸೆಂಬ್ಲಿಗೆ ಅದು ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಅದು ಮಕ್ಕಳನ್ನು ಬೆಳೆಸೋದರ ಬಗ್ಗೆ ದೊಡ್ಡವರು ದೊಡ್ಡವರಿಗೆ ಹೇಳುವ ಮಾತು. ಎದುರಿಗೆ ನಿಂತ ಹುಡುಗನಿಗೆ ಅದರಲ್ಲಿ ಮಾಡೋಕೆ ಏನೂ ಇಲ್ಲ, ಬಗ್ಗಬೇಕು ಅಷ್ಟೇ. ಹತ್ತನೇ ಕ್ಲಾಸಿನವರಿಗಂತೂ "ನಿಮ್ಮ ಕಾಲ ಮುಗೀತು" ಅಂದ ಹಾಗೆ ಕೇಳಿಸಬಹುದು. ಹನಿಯ ಗಾದೆ ಹಾಗಲ್ಲ, ಯಾವ ವಯಸ್ಸಿನವರೂ ಇವತ್ತೇ ಒಂದು ಹನಿ ಸೇರಿಸಬಹುದು.

ಆದರೆ ಗಾದೆಯಲ್ಲಿ ಶಿಸ್ತು ಅನ್ನೋ ಮಾತೇ ಇಲ್ಲ, ಅಲ್ವಾ? ಹಾಗಾಗಿ ಎರಡನೇ ವಾಕ್ಯ ಆ ಗಂಟು ಹಾಕಬೇಕು, ಅದೂ ಕಣ್ಣಿಗೆ ಕಾಣುವ ಒಂದೇ ಒಂದು ಕೆಲಸದಿಂದ. ನಾನಾದರೆ ಹೀಗೆ ಹೇಳುತ್ತೇನೆ:

"ನಿನ್ನೆ ರಾತ್ರಿ ಮಲಗೋ ಮುಂಚೆ ಟೈಮ್‌ಟೇಬಲ್ ನೋಡಿ ಬ್ಯಾಗ್ ಜೋಡಿಸಿಟ್ಟವರು ಯಾರ್ಯಾರು? ಕೈ ಎತ್ತಬೇಡಿ, ಮನಸ್ಸಲ್ಲೇ ಹೇಳಿಕೊಳ್ಳಿ. ಅದು ಒಂದು ಹನಿ. ನಾನು ಇವತ್ತು ಶಿಸ್ತು ಅಂತಿರೋದು ಇಂಥ ಹನಿಗಳಿಗೆ."

ಕೈ ಎತ್ತಿಸಬೇಡಿ ಅಂದಿದ್ದಕ್ಕೆ ಕಾರಣ ಇದೆ. ಎತ್ತಿಸಿದರೆ ಜೋಡಿಸದವರೂ ಪಕ್ಕದವರನ್ನು ನೋಡಿ ಎತ್ತುತ್ತಾರೆ. ಶಿಸ್ತಿನ ಮಾತು ಒಂದು ಸುಳ್ಳಿನಿಂದ ಶುರುವಾಗುತ್ತದೆ.

"ವೇದಿಕೆಯ ಮೇಲಿರುವ ಮಾನ್ಯ..." ಅನ್ನೋ ವಂದನೆ ಬಿಡೋಕಾಗದಿದ್ದರೆ ಈ ಮೂರ್ನಾಲ್ಕು ವಾಕ್ಯ ಆದಮೇಲೆ ಹೇಳಿ. ಶುರುವಿನಲ್ಲೇ ಹೇಳಿದರೆ ಮಕ್ಕಳು ಅಷ್ಟರಲ್ಲೇ ಕಿವಿ ಮುಚ್ಚಿಕೊಂಡಿರುತ್ತಾರೆ. ಗಾದೆಯ ಉಳಿದರ್ಧ, "ತೆನೆ ತೆನೆ ಕೂಡಿದರೆ ಬಳ್ಳ", ಇಲ್ಲಿ ತರಬೇಡಿ. ಬಳ್ಳ ಅಂದರೆ ಕಾಳು ಅಳೆಯೋ ಅಳತೆ ಅಂತ ವಿವರಿಸುತ್ತಾ ನಿಂತರೆ ಹಿಡಿದ ಗಮನ ಅಲ್ಲೇ ಜಾರುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಈ ಶುರು ಹೊಂದಲ್ಲ. ಶಾಲೆಯಲ್ಲಿ ಈಗಷ್ಟೇ ಹೊಡೆದಾಟವೋ ಕಳ್ಳತನವೋ ಆಗಿ ಅದಕ್ಕೇ ನಿಮ್ಮನ್ನು ಮಾತಾಡಿ ಅಂದಿದ್ದರೆ ಗಾದೆ ಬಿಟ್ಟುಬಿಡಿ, ನಡೆದದ್ದನ್ನು ಯಾರ ಹೆಸರೂ ಎತ್ತದೆ ನೇರವಾಗಿ ಹೇಳಿ ಶುರು ಮಾಡಿ.