ಶೆಫ್ ರೆಸ್ಯೂಮೆಯಲ್ಲಿ ಕವರ್ಸ್, ರೇಟಿಂಗ್, ಹೈಜೀನ್

> ಮೈಸೂರಿನ ಹೋಟೆಲೊಂದರಲ್ಲಿ ತಂದೂರ್ ಸೆಕ್ಷನ್ ನೋಡಿಕೊಳ್ಳುವ ಸಿಡಿಪಿ ನಾನು. ‘ದಿನಕ್ಕೆ 300 ಅತಿಥಿಗಳಿಗೆ ಸೇವೆ, ರೇಟಿಂಗ್ 4.3, ಹೈಜೀನ್ ಟ್ರೈನಿಂಗ್ ಆಗಿದೆ’ ಅಂತ ಬರೆದಿದ್ದೇನೆ. ಸಾಕಾ?

300 ಇಡೀ ರೆಸ್ಟೋರೆಂಟ್‌ನ ಲೆಕ್ಕ ಅಲ್ವಾ? ಸಂದರ್ಶನಕ್ಕೆ ಕೂರುವ ಶೆಫ್ ಮೊದಲು ಕೇಳುವುದೇ ‘ಅದರಲ್ಲಿ ನಿನ್ನದೆಷ್ಟು?’ ಅಂತ. ‘ಡಿನ್ನರ್‌ಗೆ 120 ಕವರ್ಸ್, ತಂದೂರ್ ಸೆಕ್ಷನ್ ನನ್ನದು, ಕೈಕೆಳಗೆ ಇಬ್ಬರು ಕಮಿ’ ಎಂಬ ರೀತಿ ಬರೆಯಿರಿ. ಸಂಖ್ಯೆ ನಿಮ್ಮ ಕೆಒಟಿ ಆರ್ಡರ್ ಚೀಟಿಗಳಿಂದ ತೆಗೆಯಿರಿ.

4.3ರಲ್ಲಿ ರೂಮು, ಪಾರ್ಕಿಂಗ್ ಎಲ್ಲ ಸೇರಿರುತ್ತದೆ. ಊಟಕ್ಕೇ ಬೇರೆ ರೇಟಿಂಗ್ ಇದ್ದರೆ ಅದನ್ನು ಸೈಟಿನ ಹೆಸರು, ತಿಂಗಳ ಜೊತೆ ಹಾಕಿ. ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.

ನಿಮ್ಮ ರೆಸ್ಯೂಮೆಯಲ್ಲಿ ಜಾಸ್ತಿ ಬೆಲೆ ಇರುವುದು ಮೂರನೆಯದಕ್ಕೆ. ಅದೇ ತೀರಾ ತೆಳುವಾಗಿದೆ. 25 ಜನ ಆಹಾರ ಕೆಲಸಗಾರರಿಗೆ ಒಬ್ಬರಾದರೂ ತರಬೇತಾದ ಫುಡ್ ಸೇಫ್ಟಿ ಸೂಪರ್‌ವೈಸರ್ ಇರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳುತ್ತದೆ. ಹಾಗಾಗಿ ನಿಮ್ಮದು ಅದೇ ಪ್ರಾಧಿಕಾರದ ಫೋಸ್ಟ್ಯಾಕ್ ತರಬೇತಿ ಆಗಿದ್ದರೆ ಕೋರ್ಸ್ ಹೆಸರು (ಕೇಟರಿಂಗ್ ಬೇಸಿಕ್ಕೋ ಅಡ್ವಾನ್ಸೋ), ಸರ್ಟಿಫಿಕೇಟ್ ನಂಬರ್, ಮುಗಿಯುವ ದಿನಾಂಕ ಮೇಲೆಯೇ ಬರಲಿ. ಹೋಟೆಲಿನೊಳಗೆ ಮಾತ್ರ ಕಲಿಸಿದ್ದಾದರೆ ಹಾಗೇ ಹೇಳಿ, ಮಾಡಿದ ಕೆಲಸ ಸೇರಿಸಿ: ‘ಪ್ರತಿ ಶಿಫ್ಟ್ ಟೆಂಪರೇಚರ್ ಲಾಗ್, ಬಿಸಿ ಪದಾರ್ಥ 60 ಡಿಗ್ರಿ ಮೇಲೆ, ಫ್ರಿಜ್ 5ರೊಳಗೆ.’ ಮ್ಯಾರಿನೇಟ್ ಆದ ಚಿಕನ್ ಎಲ್ಲಿಡುತ್ತೀರಿ ಅಂತ ಖಂಡಿತ ಕೇಳುತ್ತಾರೆ.